ನನ್ನ ಕಾರ್ಡಿನಿಂದ ಹೋದ ₹77,528: ಬ್ಯಾಂಕಿನ ಪ್ರಧಾನ ನೋಡಲ್ ಅಧಿಕಾರಿಗಳಿಗೆ ಬಹಿರಂಗ ಪತ್ರ

ಸಾಗರ, ಶಿವಮೊಗ್ಗ ಜಿಲ್ಲೆ
12 ಜೂನ್ 2024

ಗೆ,
ಪ್ರಧಾನ ನೋಡಲ್ ಅಧಿಕಾರಿಗಳು ಹಾಗೂ ವ್ಯವಸ್ಥಾಪಕ ನಿರ್ದೇಶಕರು,
ನನ್ನ ಪಿಂಚಣಿ ಖಾತೆ ಇರುವ ಬ್ಯಾಂಕ್

ವಿಷಯ: 2024ರ ಮಾರ್ಚ್ 7ರ ರಾತ್ರಿ ನನ್ನ ಡೆಬಿಟ್ ಕಾರ್ಡಿನ ಮೇಲೆ ನನ್ನ ಅನುಮತಿಯಿಲ್ಲದೆ ನಡೆದ ನಾಲ್ಕು ವಿದೇಶಿ ವಹಿವಾಟುಗಳ ಮೊತ್ತವನ್ನು ಖಾತೆಗೆ ಮರಳಿ ಜಮಾ ಮಾಡುವ ಕುರಿತು.

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ತಮ್ಮ ಬ್ಯಾಂಕಿನ ಸಾಗರದ ಶಾಖೆಯಲ್ಲಿ ನನ್ನ ಉಳಿತಾಯ ಖಾತೆಯಿದ್ದು, ಪಿಂಚಣಿ ಅದಕ್ಕೇ ಬರುತ್ತದೆ. ನನ್ನ ಖಾತೆ ಸಂಖ್ಯೆ, ದೂರಿನ ಸಂಖ್ಯೆ ಮತ್ತು ದಾಖಲೆಗಳ ಪ್ರತಿಗಳನ್ನು ತಮಗೆ ನೋಂದಾಯಿತ ಅಂಚೆಯಲ್ಲಿ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಆದ್ದರಿಂದ ಅವನ್ನು ಇಲ್ಲಿ ಬರೆದಿಲ್ಲ. ಏಪ್ರಿಲ್ 29ರಂದು ತಮ್ಮ ಕಚೇರಿಗೆ ಬರೆದ ಮೇಲ್ಮನವಿಗೆ ಇಂದಿನವರೆಗೂ ಉತ್ತರ ಬಂದಿಲ್ಲ. ಈ ನಡುವೆ, ಪಿಂಚಣಿಯ ದಿನ ಶಾಖೆಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಇನ್ನೊಬ್ಬ ನಿವೃತ್ತರು ತಮಗೂ ಹೀಗೆಯೇ ಆಗಿದೆ ಎಂದು ಒಂದು ಪತ್ರ ತೋರಿಸಿದರು. ದಿನಾಂಕ ಮತ್ತು ಮೊತ್ತ ಬಿಟ್ಟರೆ ಅದರ ಒಕ್ಕಣೆ, ನನ್ನ ದೂರನ್ನು ತಿರಸ್ಕರಿಸಿ ತಮ್ಮ ಬ್ಯಾಂಕಿನಿಂದ ನನಗೆ ಬಂದ ಪತ್ರದ್ದೇ ಆಗಿತ್ತು. ನನ್ನ ದೂರನ್ನು ಯಾರಾದರೂ ಓದಿ ತಿರಸ್ಕರಿಸಿದ್ದಾರೆಯೇ ಅಥವಾ ಓದದೆಯೇ ತಿರಸ್ಕರಿಸಿದ್ದಾರೆಯೇ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಅದೇ ಕಾರಣ.

ಮೊದಲಿಗೆ ನಡೆದದ್ದನ್ನು ಹೇಳುತ್ತೇನೆ.

ಮಾರ್ಚ್ 7 ಗುರುವಾರ. ಅಂದು ರಾತ್ರಿ ಹತ್ತು ಗಂಟೆಗೆ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿದೆ. ಮಾರನೆಯ ದಿನ ಮಹಾಶಿವರಾತ್ರಿಯಾದ್ದರಿಂದ ಬೆಳಗಿನ ಜಾವ ಬೇಗ ಎದ್ದೆ. 5 ಗಂಟೆ 20 ನಿಮಿಷಕ್ಕೆ ಫೋನ್ ಕೈಗೆತ್ತಿಕೊಂಡಾಗ ತಮ್ಮ ಬ್ಯಾಂಕಿನಿಂದ ಐದು ಸಂದೇಶಗಳು ಬಂದಿದ್ದವು. ರಾತ್ರಿ 11 ಗಂಟೆ 38 ನಿಮಿಷಕ್ಕೆ ₹83 ಕಡಿತವಾಗಿತ್ತು. ಅದಾದ ಮೇಲೆ 11.41ಕ್ಕೆ, 11.43ಕ್ಕೆ ಮತ್ತು 11.46ಕ್ಕೆ ತಲಾ ₹24,790 ಕಡಿತವಾಗಿತ್ತು. ಐದನೆಯದು 11.49ರ ಸಂದೇಶ, ದಿನದ ಮಿತಿಯಾದ ₹75,000 ಮೀರುವುದರಿಂದ ವಹಿವಾಟನ್ನು ನಿರಾಕರಿಸಲಾಗಿದೆ ಎಂದು ಅದರಲ್ಲಿತ್ತು. ನಾಲ್ಕು ವಹಿವಾಟುಗಳ ಮೊತ್ತ ₹74,453. ಕೆಲವು ದಿನಗಳ ನಂತರ ಪಾಸ್‌ಬುಕ್ ನಮೂದಿಸಿಕೊಂಡಾಗ, ವಿದೇಶಿ ಕರೆನ್ಸಿಯ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ಇನ್ನೂ ₹3,075 ಕಡಿತವಾಗಿರುವುದು ಕಂಡಿತು. ಹೀಗೆ ಒಟ್ಟು ₹77,528 ಹೋಯಿತು. ನನಗೆ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅದಕ್ಕೆಂದು ತೆಗೆದಿಟ್ಟಿದ್ದ ಹಣವೂ ಇದರಲ್ಲೇ ಸೇರಿತ್ತು. ಚಿಕಿತ್ಸೆ ಇನ್ನೂ ಆಗಿಲ್ಲ.

ಆ ಐದು ಸಂದೇಶಗಳಲ್ಲಿ ಒಂದೂ ಒಟಿಪಿಯದ್ದಲ್ಲ ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಅಂದು ನನಗೆ ಯಾವ ಅಪರಿಚಿತ ಕರೆಯೂ ಬಂದಿರಲಿಲ್ಲ. ಯಾವ ಕೊಂಡಿಯನ್ನೂ ನಾನು ಒತ್ತಿರಲಿಲ್ಲ. ಕಾರ್ಡ್ ಆಗಲೂ ಕಪಾಟಿನಲ್ಲಿತ್ತು, ಈಗಲೂ ಅಲ್ಲೇ ಇದೆ.

ಹಣ ಕಡಿತದ ಸಂದೇಶಕ್ಕೆ ಅಲ್ಲಿಂದಲೇ ಮರುಸಂದೇಶ ಕಳುಹಿಸಲು ಯತ್ನಿಸಿದೆ, ಹೋಗಲಿಲ್ಲ. ಕಾರ್ಡಿನ ಹಿಂಬದಿಯಲ್ಲಿದ್ದ ಸಹಾಯವಾಣಿಗೆ 5.35ಕ್ಕೆ ಕರೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂಬ ಧ್ವನಿಗಳನ್ನೆಲ್ಲ ದಾಟಿ ಮನುಷ್ಯರ ದನಿ ಕೇಳುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿತ್ತು. 5.58ಕ್ಕೆ ಕಾರ್ಡನ್ನು ನಿರ್ಬಂಧಿಸಿದರು ಮತ್ತು ದೂರಿನ ಸಂಖ್ಯೆ ನನ್ನ ಫೋನಿಗೆ ಸಂದೇಶವಾಗಿ ಬಂತು. ಅಂದರೆ ಮೊದಲ ಕಡಿತವಾಗಿ ಆರೂವರೆ ಗಂಟೆಯೊಳಗೆ ತಮ್ಮ ಬ್ಯಾಂಕಿಗೆ ವಿಷಯ ತಿಳಿದಿತ್ತು. 6.10ಕ್ಕೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಲ್ಲಿಯೂ ದೂರು ದಾಖಲಿಸಿ ಸ್ವೀಕೃತಿ ಸಂಖ್ಯೆ ಪಡೆದೆ.

ಮಾರ್ಚ್ 8 ಶಿವರಾತ್ರಿಯ ರಜೆ, 9 ಎರಡನೇ ಶನಿವಾರ, 10 ಭಾನುವಾರ. ಮೂರು ದಿನ ಶಾಖೆ ಮುಚ್ಚಿತ್ತು. 11ರ ಸೋಮವಾರ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಅಂದು ಕೌಂಟರಿನಲ್ಲಿದ್ದ ಅಧಿಕಾರಿ ಕಂಪ್ಯೂಟರಿನಲ್ಲಿ ನನ್ನ ಕಾರ್ಡಿನ ವಿವರ ತೆರೆದು, "ಟೀಚರ್, ನಿಮ್ಮ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆ. ನೀವೇ ಆನ್ ಮಾಡಿರಬೇಕಲ್ಲವೇ?" ಎಂದು ಕೇಳಿದರು. ನಾನು ಮಾಡಿಲ್ಲವೆಂದೆ. ತಮ್ಮ ಮೊಬೈಲ್ ಆ್ಯಪ್ ನನ್ನ ಫೋನಿನಲ್ಲಿಲ್ಲ, ನೆಟ್ ಬ್ಯಾಂಕಿಂಗ್‌ಗೆ ನಾನು ನೋಂದಾಯಿಸಿಕೊಂಡೇ ಇಲ್ಲ. ಹಾಗಾದರೆ ಅದು ಯಾವ ದಿನ, ಯಾವ ಮಾರ್ಗದಿಂದ ಆನ್ ಆಯಿತೆಂದು ನೋಡಿ ಹೇಳಿ ಎಂದಾಗ, ಆ ಮಾಹಿತಿ ಶಾಖೆಯಲ್ಲಿ ಸಿಗುವುದಿಲ್ಲ, ಮುಖ್ಯ ಕಚೇರಿಗೆ ಬರೆಯಿರಿ ಎಂದರು. ಅವರು ಸೌಜನ್ಯದಿಂದಲೇ ಮಾತನಾಡಿದರು. ಅವರ ಮೇಲೆ ನನ್ನ ದೂರಿಲ್ಲ.

ಮುಖ್ಯ ಕಚೇರಿಯಿಂದ ನನಗೆ ಎರಡು ಉತ್ತರಗಳು ಬಂದಿವೆ. ಮಾರ್ಚ್ 26ರ ಮೊದಲ ಪತ್ರದಲ್ಲಿ, ವಹಿವಾಟುಗಳು ಒಟಿಪಿಯಿಂದ ದೃಢೀಕೃತವಾಗಿವೆ, ಗ್ರಾಹಕರು ಗೋಪ್ಯ ಮಾಹಿತಿಯನ್ನು ಹಂಚಿಕೊಂಡಿದ್ದಾರೆ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದಿದೆ. ನಾನು ಮಾರ್ಚ್ 28ರಂದು, ಆ ಒಟಿಪಿಗಳನ್ನು ಯಾವ ಮೊಬೈಲ್ ಸಂಖ್ಯೆಗೆ, ಎಷ್ಟು ಗಂಟೆಗೆ ಕಳುಹಿಸಿದಿರಿ ಎಂಬ ದಾಖಲೆ ಕೊಡಿ ಎಂದು ಬರೆದೆ. ಏಪ್ರಿಲ್ 22ರಂದು ಎರಡನೆಯ ಪತ್ರ ಬಂತು. ಅದರಲ್ಲಿ ಒಟಿಪಿಯ ಮಾತೇ ಇರಲಿಲ್ಲ. ಬದಲಾಗಿ, ಕಾರ್ಡಿನ ಸಂಖ್ಯೆ ಮತ್ತು ಅವಧಿಯ ವಿವರ ಸರಿಯಾಗಿ ಬಳಕೆಯಾಗಿರುವುದರಿಂದ ಅವು ಗ್ರಾಹಕರಿಂದಲೇ ಸೋರಿವೆ ಎಂದೂ, ಲಿಖಿತ ದೂರು ಐದನೆಯ ದಿನ ಬಂದಿರುವುದರಿಂದ ಶೂನ್ಯ ಹೊಣೆಯ ಸೌಲಭ್ಯ ಅನ್ವಯಿಸುವುದಿಲ್ಲವೆಂದೂ ಇತ್ತು. ಮೊದಲ ಕಾರಣವನ್ನು ಏಕೆ ಕೈಬಿಟ್ಟಿರಿ ಎಂದು ತಾವು ಎಲ್ಲಿಯೂ ಹೇಳಿಲ್ಲ. ಎರಡೂ ಪತ್ರಗಳು ಇಂಗ್ಲಿಷಿನಲ್ಲಿದ್ದವು. ನನಗೆ ಓದಲು ಬರುತ್ತದೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಮಾತ್ರ ಪತ್ರವನ್ನು ನನ್ನಿಂದ ಓದಿಸಿಕೊಂಡು, ತಮ್ಮ ಹಣ ಏಕೆ ಬರುವುದಿಲ್ಲವೆಂದು ಅಂದೇ ಮೊದಲ ಬಾರಿಗೆ ತಿಳಿದುಕೊಂಡರು.

ಈಗ ತಮ್ಮ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸುತ್ತೇನೆ.

ಸುಲಭವಾಗಿ ತೀರ್ಮಾನವಾಗುವುದು ದಿನಗಳ ಲೆಕ್ಕ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನಿಗದಿಪಡಿಸಿದೆ. ತಪ್ಪು ಬ್ಯಾಂಕಿನದೂ ಅಲ್ಲದೆ, ಗ್ರಾಹಕರದೂ ಅಲ್ಲದೆ, ವ್ಯವಸ್ಥೆಯ ಬೇರೆಲ್ಲೋ ಇದ್ದರೆ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ಯಾವ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ದಿನಗಳಾದರೆ ನನ್ನಂಥ ಉಳಿತಾಯ ಖಾತೆದಾರರ ಹೊಣೆ ಹೆಚ್ಚೆಂದರೆ ₹10,000. ಈ ದಿನಗಳನ್ನು ಗ್ರಾಹಕರ ಖಾತೆಯಿರುವ ಶಾಖೆಯ ಕೆಲಸದ ದಿನಗಳ ಪ್ರಕಾರ, ಸಂದೇಶ ಬಂದ ದಿನವನ್ನು ಬಿಟ್ಟು ಎಣಿಸಬೇಕೆಂದು ಅದೇ ಸುತ್ತೋಲೆ ಹೇಳುತ್ತದೆ. ಹಾಗೆ ಎಣಿಸಿದರೆ ಮಾರ್ಚ್ 11 ಮೊದಲನೆಯ ದಿನ, 13 ಮೂರನೆಯ ದಿನ. ನನ್ನ ಲಿಖಿತ ದೂರು ಬಂದದ್ದು ಮೊದಲನೆಯ ದಿನವೇ. ಸಹಾಯವಾಣಿಗೆ ತಿಳಿಸಿದ್ದು ಎಣಿಕೆ ಆರಂಭವಾಗುವುದಕ್ಕೂ ಮುಂಚೆ. ತಿಳಿಸುವುದು ಎಂದರೆ ಕಾಗದದಲ್ಲಿಯೇ ಬರೆದುಕೊಡಬೇಕು ಎಂಬ ನಿಯಮ ಸುತ್ತೋಲೆಯಲ್ಲಿಲ್ಲ. ಬದಲಾಗಿ, ಇಪ್ಪತ್ನಾಲ್ಕು ಗಂಟೆಯೂ ಫೋನ್, ಎಸ್‌ಎಂಎಸ್, ಇಮೇಲ್ ಮೊದಲಾದ ಹಲವು ಮಾರ್ಗಗಳನ್ನು ಬ್ಯಾಂಕೇ ತೆರೆದಿಡಬೇಕು, ಕಡಿತದ ಸಂದೇಶಕ್ಕೆ ಅಲ್ಲಿಂದಲೇ ಮರುಸಂದೇಶ ಕಳುಹಿಸಿ ತಕರಾರು ಹೇಳುವಂತಿರಬೇಕು ಎಂದಿದೆ. ಅಂದು ಬೆಳಗ್ಗೆ ನನ್ನ ಮರುಸಂದೇಶ ಹೋಗಲಿಲ್ಲವೆಂಬುದನ್ನು ಮೇಲೆಯೇ ಬರೆದಿದ್ದೇನೆ. ಹೀಗಿರುವಾಗ ರಜೆಯ ಮೂರು ದಿನಗಳನ್ನೂ ಸೇರಿಸಿ "ಐದನೆಯ ದಿನ" ಎಂದು ಬರೆದಿರುವುದು ಲೆಕ್ಕದ ತಪ್ಪು. ಅದನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.

ಎರಡನೆಯದು ಒಟಿಪಿಯ ವಿಚಾರ. ಗೋಪ್ಯ ಮಾಹಿತಿಯನ್ನು ಗ್ರಾಹಕರೇ ಯಾರಿಗಾದರೂ ಹೇಳಿ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದ್ದೇ ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ. ನಾನು ಅದನ್ನು ಒಪ್ಪುತ್ತೇನೆ. ನಾನು ಒಟಿಪಿ ಹೇಳಿದ್ದೇ ನಿಜವಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಅದೇ ಸುತ್ತೋಲೆ, ಗ್ರಾಹಕರ ಹೊಣೆಯನ್ನು ರುಜುವಾತುಪಡಿಸುವ ಭಾರ ಬ್ಯಾಂಕಿನದು ಎಂದೂ ಹೇಳಿದೆ. ಇದು ಸುಮ್ಮನೆ ಬರೆದಿಟ್ಟ ಮಾತಲ್ಲ. ರಾತ್ರಿ 11.41ಕ್ಕೆ ನನ್ನ ಕಾರ್ಡಿಗೆ ಏನಾಯಿತೆಂದು ಸಾಬೀತುಪಡಿಸುವ ಒಂದು ಚೂರು ದಾಖಲೆಯೂ ನನ್ನ ಬಳಿ ಇರಲು ಸಾಧ್ಯವಿಲ್ಲ. ಎಲ್ಲ ದಾಖಲೆಗಳೂ ತಮ್ಮ ಸರ್ವರಿನಲ್ಲಿವೆ.

ಆ ದಾಖಲೆಗಳು ಯಾವುವು ಎಂಬುದನ್ನು, ಇಂಥದೇ ಕಷ್ಟದಲ್ಲಿರುವ ಇತರ ಗ್ರಾಹಕರಿಗೂ ತಿಳಿಯಲೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರತದೊಳಗಿನ ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಡ್ ಬಳಸಿದರೆ ಎರಡನೆಯ ದೃಢೀಕರಣವಾಗಿ ಸಾಮಾನ್ಯವಾಗಿ ಒಟಿಪಿ ಬರುತ್ತದೆ. ಆದರೆ ಹೊರದೇಶದ ಎಷ್ಟೋ ಅಂಗಡಿಗಳು ಅದನ್ನು ಕೇಳುವುದೇ ಇಲ್ಲ. ಕಾರ್ಡಿನ ಸಂಖ್ಯೆ ಮತ್ತು ಅವಧಿ ಇದ್ದರೆ ಸಾಕು, ಕೆಲವೆಡೆ ಹಿಂಬದಿಯ ಮೂರು ಅಂಕಿಗಳಾದ ಸಿವಿವಿ ಕೂಡ ಬೇಡ, ವಹಿವಾಟು ತಮ್ಮ ಬ್ಯಾಂಕಿನ ಒಪ್ಪಿಗೆಗೆ ಬಂದುಬಿಡುತ್ತದೆ. ಹಾಗೆ ಬರುವ ಪ್ರತಿಯೊಂದು ಕೋರಿಕೆಯ ಜೊತೆ, ಅಲ್ಲಿ ದೃಢೀಕರಣ ನಡೆದಿದೆಯೋ ಇಲ್ಲವೋ ಎಂಬುದನ್ನು ತೋರಿಸುವ ಎರಡಂಕಿಯ ಸೂಚಕವೊಂದು ಬರುತ್ತದೆ. ಅದನ್ನು ಇಸಿಐ ಎನ್ನುತ್ತಾರೆ. ನನ್ನ ಕಾರ್ಡ್ ವೀಸಾ ಎಂಬ ಪಾವತಿ ಜಾಲದ್ದು. ಆ ಜಾಲದಲ್ಲಿ 05 ಎಂದಿದ್ದರೆ ಕಾರ್ಡುದಾರರ ದೃಢೀಕರಣ ಆಗಿದೆ ಎಂದರ್ಥ, 07 ಎಂದಿದ್ದರೆ ಆಗಿಲ್ಲ ಎಂದರ್ಥ. ನನ್ನ ನಾಲ್ಕು ವಹಿವಾಟುಗಳ ಎದುರು ಯಾವ ಅಂಕಿ ಇದೆ ಎಂದು ನೋಡಲು ತಮ್ಮ ಕಾರ್ಡ್ ವಿಭಾಗಕ್ಕೆ ಹೆಚ್ಚು ಹೊತ್ತು ಬೇಕಾಗದು.

ಅಲ್ಲಿ 05 ಇದ್ದರೆ, ಒಟಿಪಿ ಕಳುಹಿಸಿದ ದಾಖಲೆಯೂ ತಮ್ಮಲ್ಲೇ ಇರಲೇಬೇಕು: ಯಾವ ಸಂಖ್ಯೆಗೆ ಹೋಯಿತು, ಎಷ್ಟು ಗಂಟೆಗೆ ತಲುಪಿತು, ಎಷ್ಟು ಗಂಟೆಗೆ ನಮೂದಾಯಿತು. ಅದನ್ನು ನನ್ನ ಮುಂದಿಡಿ, ನಾನು ಉತ್ತರಿಸುತ್ತೇನೆ. ಅಲ್ಲಿ 07 ಇದ್ದರೆ ಮಾರ್ಚ್ 26ರ ತಮ್ಮ ಪತ್ರ ಸತ್ಯಕ್ಕೆ ದೂರವಾದದ್ದು. ಅಷ್ಟೇ ಅಲ್ಲ, ದೃಢೀಕರಣವಿಲ್ಲದೆ ಮಾರಿದ ಅಂಗಡಿಯ ಬ್ಯಾಂಕಿನಿಂದ ಹಣವನ್ನು ಹಿಂದಕ್ಕೆ ಕೇಳುವ ಹಕ್ಕು ಜಾಲದ ನಿಯಮಗಳ ಪ್ರಕಾರ ತಮಗಿದೆ. ಅದೇ ಚಾರ್ಜ್‌ಬ್ಯಾಕ್. ಕಾರ್ಡ್ ಎದುರಿಗಿಲ್ಲದೆ ನಡೆದ ವಂಚನೆಗೆಂದೇ ವೀಸಾದಲ್ಲಿ ಒಂದು ಪ್ರತ್ಯೇಕ ಕಾರಣಸಂಖ್ಯೆಯಿದೆ, ಅದು 10.4. ಅದನ್ನು ಹೂಡಲು ಇರುವ ಅವಧಿ, ವಹಿವಾಟು ಲೆಕ್ಕಕ್ಕೆ ಬಂದ ದಿನದಿಂದ 120 ದಿನ. ನನ್ನ ವಿಷಯದಲ್ಲಿ ಆ ಅವಧಿ ಬರುವ ಜುಲೈ ಮೊದಲ ವಾರದಲ್ಲಿ ಮುಗಿಯುತ್ತದೆ. ನಾನು ಮಾರ್ಚ್ 14ರಂದೇ ಶಾಖೆಯಲ್ಲಿ ತಕರಾರು ಅರ್ಜಿ ತುಂಬಿ ಕೊಟ್ಟಿದ್ದೇನೆ. ಅದರ ಆಧಾರದ ಮೇಲೆ ಚಾರ್ಜ್‌ಬ್ಯಾಕ್ ಹೂಡಲಾಗಿದೆಯೇ ಎಂದು ಮೂರು ಬಾರಿ ಕೇಳಿದರೂ ಹೌದೆಂದಾಗಲಿ ಇಲ್ಲವೆಂದಾಗಲಿ ಯಾರೂ ಹೇಳಿಲ್ಲ. ಈ ಬಾಗಿಲನ್ನು ತೆರೆಯಬಲ್ಲವರು ತಾವು ಮಾತ್ರ. ಗ್ರಾಹಕರು ನೇರವಾಗಿ ಜಾಲಕ್ಕೆ ಹೋಗುವಂತಿಲ್ಲ. ತಾವು ಕೇಳದೆ ಅವಧಿ ಮುಗಿದರೆ, ಆ ನಷ್ಟವನ್ನು ನನ್ನ ಪಿಂಚಣಿಯ ಮೇಲೆ ಹೇರುವುದು ಯಾವ ನ್ಯಾಯ?

ಮೂರನೆಯದು, ಕಾರ್ಡಿನ ವಿವರ ಸರಿಯಾಗಿತ್ತಾದ್ದರಿಂದ ಅದು ನನ್ನಿಂದಲೇ ಸೋರಿದೆ ಎಂಬ ತರ್ಕ. ಗಣಿತ ಕಲಿಸಿದವಳಾಗಿ ಇದನ್ನು ಒಪ್ಪಲು ನನ್ನಿಂದಾಗುವುದಿಲ್ಲ. ಕಾರ್ಡಿನ ಹದಿನಾರು ಅಂಕಿಗಳಲ್ಲಿ ಮೊದಲ ಆರು ಅಥವಾ ಎಂಟು, ಆ ಬ್ಯಾಂಕಿನ ಆ ಬಗೆಯ ಕಾರ್ಡುಗಳಿಗೆಲ್ಲ ಒಂದೇ. ಕೊನೆಯ ಅಂಕಿ ಸ್ವತಂತ್ರವಾದದ್ದಲ್ಲ. ಉಳಿದ ಹದಿನೈದರ ಜೊತೆ ಅದನ್ನೂ ಸೇರಿಸಿ ಒಂದು ಗೊತ್ತಾದ ಕ್ರಮದಲ್ಲಿ ಕೂಡಿದಾಗ ಮೊತ್ತ ಹತ್ತರಿಂದ ಭಾಗವಾಗುವಂತೆ ಅದನ್ನು ಇಡಲಾಗುತ್ತದೆ. ಅವಧಿ ಎಂದರೆ ತಿಂಗಳು ಮತ್ತು ವರ್ಷ. ಐದು ವರ್ಷದ ಕಾರ್ಡಿಗೆ ಅರವತ್ತು ಸಾಧ್ಯತೆಗಳಷ್ಟೇ. ಆದ್ದರಿಂದ ಕಂಪ್ಯೂಟರಿನಿಂದ ಸಂಖ್ಯೆಗಳನ್ನು ಹುಟ್ಟಿಸಿ, ಯಾವುದು ಜೀವಂತವಾಗಿದೆ ಎಂದು ಅಂಗಡಿಯೊಂದರಲ್ಲಿ ಸಣ್ಣ ಮೊತ್ತದಿಂದ ಪರೀಕ್ಷಿಸುವ ವಂಚನೆಯ ವಿಧಾನವೇ ಇದೆ. ಬ್ಯಾಂಕಿಂಗ್ ಬಲ್ಲವರಿಗೆ ಇದು ಹೊಸದಲ್ಲ. ನನ್ನ ಖಾತೆಯಲ್ಲಿ ಮೊದಲು ಹೋದದ್ದು ₹83, ಅಂದರೆ ಒಂದು ಡಾಲರ್. ಅದು ದಾಟಿದ ಮೂರು ನಿಮಿಷಕ್ಕೆ 299 ಡಾಲರಿನ ಸರಣಿ ಶುರುವಾಯಿತು. ನನ್ನ ಸಂಖ್ಯೆ ಹೀಗೆಯೇ ಅವರಿಗೆ ಸಿಕ್ಕಿತೆಂದು ನಾನು ಸಾಧಿಸುತ್ತಿಲ್ಲ. ಎಟಿಎಂನಲ್ಲಿ ಯಾರೋ ನಕಲು ಮಾಡಿಕೊಂಡಿರಬಹುದು, ಔಷಧದ ಅಂಗಡಿಯ ಯಂತ್ರದಿಂದ ಹೋಗಿರಬಹುದು, ಬ್ಯಾಂಕಿನೊಳಗಿನಿಂದಲೇ ಹೋಗಿರಬಹುದು. ಸರಿಯಾದ ವಿವರ ಬಳಕೆಯಾಗಿದೆ ಎಂಬ ಒಂದೇ ಸಂಗತಿಯಿಂದ, ಇಷ್ಟು ದಾರಿಗಳಲ್ಲಿ ನನ್ನ ನಿರ್ಲಕ್ಷ್ಯವೊಂದನ್ನೇ ಆರಿಸಿಕೊಳ್ಳಲು ಬರುವುದಿಲ್ಲ ಎಂಬುದಷ್ಟೇ ನನ್ನ ವಾದ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಿದೇಶಿ ಬಳಕೆಯ ಸ್ವಿಚ್ಚು. ತಮ್ಮ ಎರಡೂ ಪತ್ರಗಳು ಇದನ್ನು ಮುಟ್ಟಿಯೇ ಇಲ್ಲ.

ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಇನ್ನೊಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಹೊಸದಾಗಿ ಕೊಡುವ ಅಥವಾ ಬದಲಾಯಿಸಿ ಕೊಡುವ ಪ್ರತಿ ಕಾರ್ಡೂ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ ಕೆಲಸ ಮಾಡುವ ಸ್ಥಿತಿಯಲ್ಲಿ ಗ್ರಾಹಕರ ಕೈಗೆ ಬರಬೇಕು. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಯಂತ್ರಕ್ಕೆ ತಾಗಿಸದೆ ಪಾವತಿಸುವ ಸೌಲಭ್ಯ ಇವೆಲ್ಲ ಮುಚ್ಚಿರಬೇಕು. ಗ್ರಾಹಕರು ತಾವಾಗಿ ಕೇಳಿದರೆ ಮಾತ್ರ ತೆರೆಯಬೇಕು. ನನ್ನ ಈಗಿನ ಕಾರ್ಡ್ ಬಂದದ್ದು 2021ರ ಜುಲೈನಲ್ಲಿ, ಹಳೆಯದರ ಅವಧಿ ಮುಗಿದಾಗ. ಅಂದರೆ ಆ ಸುತ್ತೋಲೆಯ ನಂತರ. ಅಂದಿನಿಂದ ಈ ಮಾರ್ಚ್ 7ರವರೆಗಿನ ಪಾಸ್‌ಬುಕ್ಕಿನ ಪುಟಗಳನ್ನು ಲಗತ್ತಿಸಿದ್ದೇನೆ. ತಿಂಗಳಿಗೆ ಒಂದೆರಡು ಬಾರಿ ಎಟಿಎಂನಿಂದ ಹಣ ತೆಗೆದದ್ದು, ಅಪರೂಪಕ್ಕೆ ಔಷಧದ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ್ದು ಬಿಟ್ಟರೆ ಬೇರೇನೂ ಇಲ್ಲ. ಒಂದೇ ಒಂದು ಆನ್‌ಲೈನ್ ಖರೀದಿ ಇಲ್ಲ, ಒಂದೇ ಒಂದು ವಿದೇಶಿ ವಹಿವಾಟು ಇಲ್ಲ. ಪಾಸ್‌ಪೋರ್ಟ್ ಕೂಡ ನನ್ನ ಬಳಿ ಇಲ್ಲ.

ಹಾಗಿದ್ದ ಮೇಲೆ ಆ ರಾತ್ರಿ ನನ್ನ ಕಾರ್ಡ್ ಹೊರದೇಶದ ಆನ್‌ಲೈನ್ ಅಂಗಡಿಯಲ್ಲಿ ನಡೆದದ್ದಾದರೂ ಹೇಗೆ? ಉತ್ತರ ಮೂರರಲ್ಲಿ ಒಂದಾಗಿರಬೇಕು. ಕಾರ್ಡ್ ಕೊಡುವಾಗಲೇ ಆ ಸೌಲಭ್ಯಗಳನ್ನು ತೆರೆದಿಟ್ಟಿದ್ದರೆ ಅದು ಸುತ್ತೋಲೆಯ ಉಲ್ಲಂಘನೆ. ನಂತರ ಬ್ಯಾಂಕಿನ ಯಾವುದೋ ಬದಲಾವಣೆಯಲ್ಲಿ ತಾನಾಗಿ ತೆರೆದುಕೊಂಡಿದ್ದರೆ ಅದೂ ಬ್ಯಾಂಕಿನ ಲೋಪ. ಯಾರೋ ನನ್ನ ಹೆಸರಿನಲ್ಲಿ ಆ್ಯಪ್ ನೋಂದಾಯಿಸಿ ತೆರೆದಿದ್ದರೆ, ಯಾವ ಸಾಧನದಿಂದ, ಯಾವ ಮೊಬೈಲ್ ಸಂಖ್ಯೆಯಿಂದ, ಯಾವ ದಿನ ಎಂಬ ದಾಖಲೆ ತಮ್ಮಲ್ಲಿರಬೇಕು, ಸೌಲಭ್ಯದ ಸ್ಥಿತಿ ಬದಲಾದಾಗ ನನಗೆ ಎಚ್ಚರಿಕೆಯ ಸಂದೇಶವೂ ಬಂದಿರಬೇಕಿತ್ತು. ಅಂಥ ಸಂದೇಶ ನನಗೆ ಎಂದೂ ಬಂದಿಲ್ಲ. ಮೊದಲ ಎರಡರಲ್ಲಿ ಯಾವುದೇ ಆಗಿದ್ದರೂ 2017ರ ಸುತ್ತೋಲೆಯ ಇನ್ನೊಂದು ಮಾತು ಇಲ್ಲಿ ಅನ್ವಯಿಸುತ್ತದೆ: ಬ್ಯಾಂಕಿನ ಕಡೆಯಿಂದ ಲೋಪವಿದ್ದರೆ ಗ್ರಾಹಕರು ಯಾವಾಗ ತಿಳಿಸಿದರು, ತಿಳಿಸಿದರೋ ಇಲ್ಲವೋ ಎಂಬುದನ್ನೂ ನೋಡದೆ ಅವರ ಹೊಣೆ ಶೂನ್ಯ. ಆಗ ಐದನೆಯ ದಿನವೋ ಮೊದಲನೆಯ ದಿನವೋ ಎಂಬ ಚರ್ಚೆಗೇ ಅರ್ಥವಿರುವುದಿಲ್ಲ.

ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಸಾಗರ ಪೇಟೆಯ ಎಟಿಎಂ ಬಿಟ್ಟು ಬೇರೆಡೆ ಹೆಚ್ಚು ಬಳಕೆಯಾಗದ ಪಿಂಚಣಿದಾರಳ ಕಾರ್ಡೊಂದು, ನಡುರಾತ್ರಿಯ ಹೊತ್ತಿಗೆ, ಎಂಟು ನಿಮಿಷಗಳಲ್ಲಿ ನಾಲ್ಕು ಬಾರಿ, ಡಾಲರಿನಲ್ಲಿ, ಒಂದೇ ಅಂಗಡಿಯಲ್ಲಿ ಬಳಕೆಯಾದರೂ ತಮ್ಮ ವ್ಯವಸ್ಥೆಗೆ ಅನುಮಾನ ಬರಲಿಲ್ಲ. ಐದನೆಯದನ್ನು ತಡೆದದ್ದು ದಿನದ ಮಿತಿ. ಮಿತಿ ಇನ್ನೂ ಹೆಚ್ಚಿದ್ದಿದ್ದರೆ ಖಾತೆ ಬರಿದಾಗುತ್ತಿತ್ತು. ಇದನ್ನು ಹೇಳುವಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಗುತ್ತದೆ, ಏಕೆಂದರೆ ಈ ಊರಿನ ನೂರಾರು ಪಿಂಚಣಿದಾರರ ಉಳಿತಾಯವೆಲ್ಲ ಇಂಥ ಖಾತೆಗಳಲ್ಲೇ ಇದೆ.

ಶಾಖೆಯಲ್ಲಿ ಹಲವು ಬಾರಿ ನನಗೆ, ಮೊದಲು ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ ಎಂದು ಹೇಳಲಾಯಿತು. 1930ರ ಸ್ವೀಕೃತಿ ಸಂಖ್ಯೆ ಕೊಟ್ಟರೂ ಸಾಲದೆಂದರು. ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದೆ, ದೂರು ಕೊಟ್ಟೆ. ಪೊಲೀಸರ ತನಿಖೆ ಅಗತ್ಯವೇ. ಆದರೆ ಮರುಜಮೆಗೆ ಎಫ್‌ಐಆರ್ ಬೇಕೆಂಬ ಷರತ್ತು ಸುತ್ತೋಲೆಯಲ್ಲಿಲ್ಲ. ಅದರಲ್ಲಿರುವುದು ಬೇರೆಯೇ: ಗ್ರಾಹಕರು ತಿಳಿಸಿದ ದಿನದಿಂದ ಹತ್ತು ಕೆಲಸದ ದಿನಗಳೊಳಗೆ, ವಿಮೆಯ ಹಣಕ್ಕೂ ಕಾಯದೆ, ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ಆ ಜಮೆಯ ದಿನಾಂಕ ಅನಧಿಕೃತ ವಹಿವಾಟು ನಡೆದ ದಿನದ್ದೇ ಆಗಿರಬೇಕು. ನನ್ನ ಲೆಕ್ಕದಲ್ಲಿ ಹತ್ತನೆಯ ಕೆಲಸದ ದಿನ ಮಾರ್ಚ್ 21. ಆ ದಿನ ಏನೂ ಜಮೆಯಾಗಲಿಲ್ಲ. ದೂರನ್ನು ಇತ್ಯರ್ಥಪಡಿಸಿ ಹೊಣೆ ಯಾರದೆಂದು ತೀರ್ಮಾನಿಸಲು ತಮಗಿದ್ದ ಗರಿಷ್ಠ ಅವಧಿ 90 ದಿನ. ಅದೂ ಜೂನ್ 6ಕ್ಕೆ ಮುಗಿದಿದೆ. ಅಷ್ಟರಲ್ಲಿ ತೀರ್ಮಾನವಾಗದಿದ್ದರೆ ನಿಗದಿತ ಪರಿಹಾರವನ್ನು ಕೊಡಲೇಬೇಕು. ಮಾರ್ಚ್ 26ರಂದೇ ಮುಕ್ತಾಯಗೊಳಿಸಿದ್ದೇವೆ ಎಂದು ತಾವು ಹೇಳಬಹುದು. ಆದರೆ ಯಾವ ಕಾರಣದ ಮೇಲೆ ಮುಕ್ತಾಯವಾಯಿತೋ ಆ ಕಾರಣವನ್ನು ತಾವೇ ಏಪ್ರಿಲ್ 22ರಂದು ಬಿಟ್ಟುಕೊಟ್ಟಿದ್ದೀರಿ. ದಾಖಲೆಯಿಲ್ಲದೆ ಕಾರಣ ಬದಲಾಯಿಸುತ್ತ ಹೋಗುವುದು ಇತ್ಯರ್ಥವಾಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ವಹಿವಾಟುಗಳ ₹74,453 ಮತ್ತು ಅವುಗಳ ಮೇಲೆ ವಿಧಿಸಿದ ಶುಲ್ಕ ಹಾಗೂ ತೆರಿಗೆಯ ₹3,075, ಒಟ್ಟು ₹77,528ನ್ನು 2024ರ ಮಾರ್ಚ್ 7ರ ದಿನಾಂಕದಿಂದಲೇ ಅನ್ವಯವಾಗುವಂತೆ ನನ್ನ ಖಾತೆಗೆ ಮರಳಿ ಜಮಾ ಮಾಡಬೇಕು. ಹಾಗೆ ಮಾಡಿದಾಗ ಈ ಅವಧಿಯ ಉಳಿತಾಯ ಬಡ್ಡಿಯಲ್ಲಿ ನನಗೆ ನಷ್ಟವಾಗದಂತೆ ನೋಡಿಕೊಳ್ಳಬೇಕು. ನಾಲ್ಕೂ ವಹಿವಾಟುಗಳ ಮೇಲೆ, ಇದುವರೆಗೆ ಹೂಡಿಲ್ಲದಿದ್ದರೆ, ಅವಧಿ ಮುಗಿಯುವ ಮುನ್ನ ಈ ವಾರವೇ ಚಾರ್ಜ್‌ಬ್ಯಾಕ್ ಹೂಡಬೇಕು. ಈಗಾಗಲೇ ಹೂಡಿದ್ದರೆ ಅದರ ದಿನಾಂಕ ಮತ್ತು ಫಲಿತಾಂಶ ತಿಳಿಸಬೇಕು. ಚಾರ್ಜ್‌ಬ್ಯಾಕಿನ ಫಲಿತಾಂಶ ತಮ್ಮ ಮತ್ತು ಆ ಅಂಗಡಿಯ ಬ್ಯಾಂಕಿನ ನಡುವಿನ ವಿಷಯ. ಅದಕ್ಕಾಗಿ ನನ್ನ ಮರುಜಮೆಯನ್ನು ತಡೆಹಿಡಿಯಬಾರದು.

ಜೊತೆಗೆ, ಪ್ರತಿ ವಹಿವಾಟಿನ ಇಸಿಐ ಅಂಕಿ, ಒಟಿಪಿ ಕಳುಹಿಸಲಾಗಿತ್ತು ಎನ್ನುವುದಾದರೆ ಅದರ ದಾಖಲೆ, ಮತ್ತು ನನ್ನ ಕಾರ್ಡಿನ ಆನ್‌ಲೈನ್ ಹಾಗೂ ವಿದೇಶಿ ಬಳಕೆಯ ಸೌಲಭ್ಯಗಳು 2021ರ ಜುಲೈನಿಂದ ಯಾವ ದಿನ, ಯಾವ ಮಾರ್ಗದಿಂದ ತೆರೆದವು ಎಂಬ ದಾಖಲೆಯನ್ನು ಲಿಖಿತವಾಗಿ ಕೊಡಬೇಕು. ಮರುಜಮೆಯನ್ನು ನಿರಾಕರಿಸುವುದಾದರೆ, ನನ್ನ ಯಾವ ಕೃತ್ಯ ನಿರ್ಲಕ್ಷ್ಯವೆನಿಸಿತು ಮತ್ತು ಅದಕ್ಕೆ ಏನು ಪುರಾವೆ ಎಂಬುದನ್ನು ಹೆಸರು ಮತ್ತು ಹುದ್ದೆಯಿರುವ ಅಧಿಕಾರಿಯೊಬ್ಬರು ಸಹಿ ಮಾಡಿ, ಕನ್ನಡದಲ್ಲಿ ಬರೆದು ತಿಳಿಸಬೇಕು. ಸಾಲಿನಲ್ಲಿ ಸಿಕ್ಕ ಆ ಹಿರಿಯರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಮಾರ್ಚ್ 26ರ ಒಕ್ಕಣೆಯಲ್ಲಿ ಈ ಭಾಗದ ಗ್ರಾಹಕರಿಗೆ ಹೋದ ಪತ್ರಗಳನ್ನೆಲ್ಲ ತಾವೇ ತೆಗೆಸಿ, ಒಂದೊಂದರ ಹಿಂದೆಯೂ ಒಟಿಪಿಯ ದಾಖಲೆ ಇದೆಯೇ ಎಂದು ಒಮ್ಮೆ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ದೂರು ಸಲ್ಲಿಸುವ ಅವಕಾಶ ಗ್ರಾಹಕರಿಗಿದೆ. ನನಗೆ ಆ ಅವಕಾಶ ಈಗಾಗಲೇ ಬಂದಿದೆ. cms.rbi.org.in ತಾಣದಲ್ಲಿ ಸಲ್ಲಿಸಬೇಕಾದ ದೂರು, ಲಗತ್ತುಗಳೊಂದಿಗೆ ಸಿದ್ಧವಾಗಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಸಂಬಳ, ಆಮೇಲೆ ಪಿಂಚಣಿ ಬಂದದ್ದು ತಮ್ಮ ಈ ಶಾಖೆಗೇ ಆದ್ದರಿಂದ, ತಾವೇ ಇದನ್ನು ಸರಿಪಡಿಸಲಿ ಎಂಬ ಆಸೆಯಿಂದ ಅದನ್ನು ಇನ್ನೂ ಕಳುಹಿಸಿಲ್ಲ. ಜೂನ್ 24ರ ಸೋಮವಾರದವರೆಗೆ ಕಾಯುತ್ತೇನೆ. ಚಾರ್ಜ್‌ಬ್ಯಾಕಿನ ಅವಧಿಯನ್ನು ನೋಡಿದರೆ ಅದಕ್ಕಿಂತ ಹೆಚ್ಚು ಕಾಯುವ ಹಾಗಿಲ್ಲ. ಅಂದು ಸಂಜೆಯೊಳಗೆ ಹಣ ಜಮೆಯಾಗದಿದ್ದರೆ, ಅಥವಾ ಮೇಲೆ ಕೇಳಿದ ದಾಖಲೆಗಳ ಸಮೇತ ಉತ್ತರ ಬಾರದಿದ್ದರೆ, ಮಾರನೆಯ ದಿನ ಬೆಳಗ್ಗೆ ಆ ದೂರನ್ನು ಸಲ್ಲಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ ಹಾಗೂ ತಮ್ಮ ಸಾಗರ ಶಾಖೆಯ ಪಿಂಚಣಿ ಖಾತೆದಾರರು